ಕಾಯಿಲೆಗೆ ನಾಲ್ಕು ಸಾಲು

ಓದುತ್ತಾ ಹೋದಂತೆ ಪ್ರಭು ಸಾರ್ ಅವರ ದನಿ ಒದ್ದೆಯಾಗುತ್ತಿತ್ತು. ಎಡಗೈಯಲ್ಲಿ ಯಶೋಧಾಳ ಪ್ರಬಂಧದ ಹಾಳೆ, ಬಲಗೈ ಮಂಡಕ್ಕಿ ಪೊಟ್ಟಣದೊಳಗೆ. ಮೆಣಸಿನಕಾಯಿ ಬಜ್ಜಿಯ ಎಣ್ಣೆ ಬೆರಳಿನಿಂದ ಹಾಳೆಗೆ ಇಳಿದು 'ನನ್ನ ತಾಯಿ' ಎಂಬಲ್ಲಿ ಗುಂಡಗೆ ಹರಡಿಕೊಂಡಿತು. ಯಶೋಧಾ ಆ ಎಣ್ಣೆಯನ್ನೇ ನೋಡುತ್ತಾ ಕೂತಿದ್ದಳು.

"'ಆಕಾಶವೇ ಸೂರು, ನೆಲವೇ ಹಾಸಿಗೆ. ಬಯಲಿನಲ್ಲಿ ಅನಾಥರಂತೆ ಮಲಗಿದ್ದ ನಮ್ಮನ್ನು ಕಂಡು ಬೀದಿನಾಯಿಗಳೂ ಮರುಗುತ್ತಿದ್ದವು.' ಹೆಂಗೈತಮ್ಮ?"

"ಅವು ಬೀದಿನಾಯಿ ಅಲ್ಲ ಸಾರ್, ನಮ್ಮವೇ. ಮಂದೆ ಕಾಯೋ ನಾಯಿ. ಅವು ಯಾಕೆ ಮರುಗ್ತವೆ?"

"ಅದು ಭಾವ ಕಣಮ್ಮ. ಓದೋರ ಎದೆಗೆ ನಾಟಬೇಕು."

ಚಿತ್ರದುರ್ಗದ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ, ಕೆಳಗಿನ ಟೈರು ಅಂಗಡಿಯ ವಾಸನೆ ಮೇಲೇರಿ ಬರುವ ಕೋಣೆಯಲ್ಲಿ ಆ ಮಾರ್ಗದರ್ಶನ ಕೇಂದ್ರ ಇತ್ತು. ಹಳ್ಳಿಯ ಹುಡುಗ ಹುಡುಗಿಯರಿಗೆ ದೊಡ್ಡ ವಿಶ್ವವಿದ್ಯಾಲಯಗಳ ಅರ್ಜಿ ತುಂಬಿಸಿ, ವಿದ್ಯಾರ್ಥಿವೇತನ ಕೊಡಿಸುವುದು ಅದರ ಕೆಲಸ. ಯಾವುದೋ ಟ್ರಸ್ಟ್ ಅದನ್ನು ನಡೆಸುತ್ತಿತ್ತು. ಅರ್ಜಿಗಳನ್ನೆಲ್ಲ ಕೇಂದ್ರದ ಕಂಪ್ಯೂಟರಿನಲ್ಲೇ ತುಂಬಬೇಕು, ಪಾಸ್‌ವರ್ಡ್ ಪ್ರಭು ಸಾರ್ ಬಳಿಯೇ ಇರುತ್ತಿತ್ತು. ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಯಶೋಧಾ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಗ್ರಾಮೀಣಾಭಿವೃದ್ಧಿಯ ಎರಡು ವರ್ಷದ ಎಂ.ಎ. ಇತ್ತು. ಆಯ್ಕೆಯಾದರೆ ಊಟ, ವಸತಿ, ಫೀಸು ಎಲ್ಲ ಅವರದೇ. ಅವಳು ಓದು ಮುಂದುವರಿಸಲು ಇದ್ದ ದಾರಿ ಇದೊಂದೇ. ಅರ್ಜಿಯ ಜೊತೆ ತನ್ನ ಬಗ್ಗೆ ಒಂದು ಪ್ರಬಂಧ ಬರೆಯಬೇಕಿತ್ತು, ಕನ್ನಡದಲ್ಲೂ ಬರೆಯಬಹುದಿತ್ತು. ನೀವು ಯಾರು, ಏನನ್ನು ಓದಬೇಕೆಂದಿದ್ದೀರಿ, ನಿಮ್ಮ ಓದಿಗೆ ಅಡ್ಡಿಯಾದ ಸಂದರ್ಭಗಳಿದ್ದರೆ ತಿಳಿಸಿ ಎಂದು ಕೇಳಿದ್ದರು. ಅವಳು ಒಂದು ಪುಟ ಬರೆದು ಕೊಟ್ಟಿದ್ದಳು. ಪ್ರಭು ಸಾರ್ ಅದನ್ನು 'ತಿದ್ದಿ' ಮೂರು ಪುಟ ಮಾಡಿದ್ದರು.

ಅಡ್ಡಿಯಾದ ಸಂದರ್ಭಗಳು ಅವಳಿಗೆ ಇರಲಿಲ್ಲವೆಂದಲ್ಲ. ಹಿರೇಗುಂಟನೂರಿನ ಆಚೆ, ಗಾಳಿಯಂತ್ರಗಳ ಗುಡ್ಡದ ಕೆಳಗಿನ ಹಟ್ಟಿ ಅವಳದು. ಸುಗ್ಗಿ ಮುಗಿದ ಮೇಲೆ ಅಪ್ಪ ಓಬಳೇಶಪ್ಪ, ಅಮ್ಮ ಬೋರಕ್ಕ ಕುರಿ ಹೊಡೆದುಕೊಂಡು ಭದ್ರಾ ನಾಲೆಯ ಗದ್ದೆಗಳ ಕಡೆ ಹೋಗುತ್ತಿದ್ದರು. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಹಿಕ್ಕೆ, ಗಂಜಳ ಗದ್ದೆಗೆ ಗೊಬ್ಬರ. ಗದ್ದೆಯವರು ಅದಕ್ಕೆ ಭತ್ತವನ್ನೋ ಕಾಸನ್ನೋ ಕೊಡುತ್ತಿದ್ದರು. ಮಳೆಗಾಲಕ್ಕೆ ಮತ್ತೆ ಹಟ್ಟಿ. ಚಿಕ್ಕವಳಿದ್ದಾಗ ಯಶೋಧಾ ಜೊತೆಗೇ ಹೋಗುತ್ತಿದ್ದಳು, ಶಾಲೆ ಅರ್ಧಕ್ಕೇ ನಿಲ್ಲುತ್ತಿತ್ತು. ಜೂನ್ ತಿಂಗಳಲ್ಲಿ ವಾಪಸು ಬಂದಾಗ ಮೇಷ್ಟರು, "ಏನವ್ವ, ಕುರಿಗಳಿಗೆ ಪರೀಕ್ಷೆ ಮುಗೀತಾ?" ಎನ್ನುತ್ತಿದ್ದರು. ಅವಳು ಹಿಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದಳು.

ಆಮೇಲೆ ಕಾಯಿಲೆ. ಮೊದಲ ಪಿಯುಸಿ ಮುಗಿಯುವ ಹೊತ್ತಿಗೆ ಬೆನ್ನು ನೋವು, ಸಂಜೆಯಾದರೆ ಜ್ವರ. ಬಿಂದಿಗೆ ಎತ್ತಿದ್ದಕ್ಕೆ ಉಳುಕಿರಬೇಕು ಎಂದು ಎಣ್ಣೆ ತಿಕ್ಕಿದರು. ಕಾಲು ಜೋಮು ಹಿಡಿದಾಗ ಆಸ್ಪತ್ರೆಗೆ ಹೋದರು. ಬೆನ್ನುಮೂಳೆಯ ಟಿಬಿ ಎಂದರು. ಒಂದೂವರೆ ವರ್ಷ ಮಾತ್ರೆ, ಎದೆಯಿಂದ ಸೊಂಟದವರೆಗೆ ಬಿಗಿಯುವ ಬೆಲ್ಟು. ಮಾತ್ರೆ ನುಂಗಿದರೆ ವಾಕರಿಕೆ, ಮೂತ್ರ ಕಿತ್ತಳೆ ಬಣ್ಣ. ಮೊದಲ ತಿಂಗಳುಗಳಲ್ಲಿ ಎದ್ದು ಕೂರಲೂ ಆಗುತ್ತಿರಲಿಲ್ಲ. ಹೀಗೆ ಒಂದು ವರ್ಷ ಓದು ಹೋಯಿತು.

ಇದಿಷ್ಟನ್ನು ಅವಳು ಬರೆದಿದ್ದಳು. ಪ್ರಭು ಸಾರ್ ಅದರ ಮೇಲೆ ಎಣ್ಣೆ ಸುರಿದಿದ್ದರು.

"ಇಲ್ಲಿ ನೋಡು," ಎಂದು ಅವರು ಎರಡನೇ ಪುಟಕ್ಕೆ ಬಂದರು. "'ಕ್ಷಯವೆಂಬ ಮಹಾಮಾರಿ ಅಪ್ಪಳಿಸಿದಾಗ ಹಟ್ಟಿಯ ಜನ ನಮ್ಮನ್ನು ದೂರವಿಟ್ಟರು. ಒಂದು ತೊಟ್ಟು ನೀರು ಕೊಡುವವರಿಲ್ಲದೆ ನನ್ನ ತಾಯಿ ಎದೆ ಬಡಿದುಕೊಂಡು ಅತ್ತಳು.'"

"ಯಾರೂ ದೂರ ಇಡ್ಲಿಲ್ಲ ಸಾರ್."

"ಒಬ್ರಾದ್ರೂ ಏನಾದ್ರೂ ಅಂದಿರ್ತಾರಲ್ಲಮ್ಮ."

"ಇಲ್ಲ ಸಾರ್."

"ಇರ್ಲಿ. ಅವ್ರೇನು ನಿಮ್ಮ ಹಟ್ಟಿಗೆ ಬಂದು ಕೇಳ್ತಾರಾ?" ಬೆರಳು ನೆಕ್ಕಿಕೊಂಡರು. "ಮತ್ತೆ ನಿಮ್ಮ ಕಡೆ ಪದ್ಧತಿ ಗಿದ್ಧತಿ ಏನಾದ್ರೂ ಐತಾ? ಬೆಂಗಳೂರೋರು ಕೇಳಿದ್ರೆ ಬೆಚ್ಚಿಬೀಳೋ ಅಂಥದ್ದು? ಒಂದು ಪ್ಯಾರಾ ಹಾಕಾಣ."

ಯಶೋಧಾಳ ಗಂಟಲಿಗೆ ಹಳೆಯ ಮಾತ್ರೆಯ ರುಚಿ ಬಂತು. ನುಂಗಿಕೊಂಡಳು.

ಮೇಜಿನ ಮೇಲೆ ಮಾದರಿ ಪ್ರಬಂಧಗಳ ದಪ್ಪ ಫೈಲು ಇತ್ತು, ಪ್ರತಿ ಹಾಳೆಗೂ ಲ್ಯಾಮಿನೇಷನ್. ಹಿಂದಿನ ವರ್ಷಗಳಲ್ಲಿ ಸೀಟು ಸಿಕ್ಕವರು ಬರೆದವು. ಟ್ರಸ್ಟಿಗೆ ಹಣ ಕೊಡುವ ದಾನಿಗಳು ಕಣ್ಣು ಒರೆಸಿಕೊಂಡ ಸಾಲುಗಳ ಕೆಳಗೆ ಕೆಂಪು ಗೆರೆ. ಎಲ್ಲವೂ 'ಕಡುಬಡತನದ ಕುಟುಂಬದಲ್ಲಿ ಜನಿಸಿದ ನಾನು' ಎಂದು ಶುರುವಾಗುತ್ತಿದ್ದವು. ಒಂದರಲ್ಲಿ ಅಪ್ಪ ಕುಡುಕ, ಇನ್ನೊಂದರಲ್ಲಿ ಅಜ್ಜಿಗೆ ಕಣ್ಣಿಲ್ಲ. ಓದುತ್ತಾ ಹೋದರೆ ಅದು ಮನುಷ್ಯರ ಫೈಲೆಂದು ಅನಿಸುತ್ತಲೇ ಇರಲಿಲ್ಲ. ಮಾಂಸದಂಗಡಿಯಲ್ಲಿ ಸಾಲಾಗಿ ತೂಗುಹಾಕಿದ್ದನ್ನು ನೋಡಿದ ಹಾಗೆ ಆಗುತ್ತಿತ್ತು, ಒಂದೊಂದರಲ್ಲೂ ಎಲ್ಲಿ ಕೊಯ್ದರೆ ರಕ್ತ ಬರುತ್ತದೆ ಎಂದು ಗುರುತು ಹಾಕಿಟ್ಟಂತೆ.

ಫೈಲಿನ ಮೊದಲ ಹಾಳೆ ಪ್ರಭು ಸಾರ್ ಅವರದೇ. ಅವರೂ ಹೀಗೇ ಒಂದು ಪ್ರಬಂಧ ಬರೆದು ಓದಿದವರು. ಪ್ರತಿ ವರ್ಷ ದಾನಿಗಳು ಬಂದಾಗ ವೇದಿಕೆಯಲ್ಲಿ ನಿಂತು, ಬರಿಗಾಲಲ್ಲಿ ಶಾಲೆಗೆ ಹೋಗಿದ್ದನ್ನು ಹೇಳುತ್ತಿದ್ದರು. ಪ್ರತಿ ವರ್ಷವೂ ಅವರ ದನಿ ಅದೇ ಜಾಗದಲ್ಲಿ ಒಡೆಯುತ್ತಿತ್ತು. ಈಗ ಕಾಲಿಗೆ ಒಳ್ಳೆಯ ಬೂಟು ಇತ್ತು. ದಾನಿಗಳು ಮಾತ್ರ ಕಾಫಿ ಕುಡಿಯುತ್ತಾ ಅವರ ಕಾಲನ್ನೇ ನೋಡುತ್ತಿದ್ದರು.

ಯಶೋಧಾ ಹಾಳೆ ಮಡಚಿಕೊಂಡು ಬಸ್ಸು ಹತ್ತಿದಳು.

*

ಮನೆಯಲ್ಲಿ ಬೋರಕ್ಕ ಕುರಿ ಕೂಡುವ ರೊಪ್ಪ ಗುಡಿಸುತ್ತಿದ್ದಳು. ಎರಡು ವರ್ಷದಿಂದ ಅವಳು ಮಂದೆಯ ಜೊತೆ ಹೋಗುತ್ತಿರಲಿಲ್ಲ, ಮೊಣಕಾಲು ಬಿಡುತ್ತಿರಲಿಲ್ಲ. ಎಳೆಯ ಮರಿಗಳನ್ನು ನೋಡಿಕೊಂಡು ಹಟ್ಟಿಯಲ್ಲೇ ಇದ್ದಳು.

"ಏನೋ ಬರೆದವ್ರಂತಲ್ಲ, ಓದು ನೋಡಾಣ," ಎಂದಳು.

ಓದುವುದೋ ಬೇಡವೋ ಎಂದುಕೊಂಡು ಯಶೋಧಾ ಓದಿದಳು. ಬೋರಕ್ಕ ಪೊರಕೆ ಹಿಡಿದೇ ಕೇಳಿದಳು. ಬಯಲಲ್ಲಿ ಮಲಗಿದ್ದು ಬಂದಾಗ ಅವಳಿಗೆ ನಗು ಬಂತು.

"ಮಂದೆ ಕಾಯೋರು ಬಯಲಲ್ಲಿ ಮಲಗದೆ ಇನ್ನೆಲ್ಲಿ ಮಲಗ್ತಾರೆ, ಲಾಡ್ಜಲ್ಲಾ? ಕುರಿನೆಲ್ಲ ರೂಮಿಗೆ ಕರ್ಕಂಡು ಹೋಗ್ಬೇಕಾಗಿತ್ತಾ?"

"ಇದು ನಾನು ಬರೆದಿದ್ದಲ್ಲಮ್ಮ."

"ಓದೇ, ಓದೇ. ಮುಂದೇನು ಮಾಡ್ತಾನೋ ನೋಡಾಣ."

ಹಟ್ಟಿಯ ಜನ ದೂರವಿಟ್ಟರು ಎಂಬಲ್ಲಿಗೆ ಬಂದಾಗ ನಗು ನಿಂತಿತು. ಬೋರಕ್ಕ ಪೊರಕೆ ಕೆಳಗಿಟ್ಟಳು. ಗೋಡೆಯಾಚೆಯ ಮನೆಯ ಕಡೆ ತಿರುಗಿ ನೋಡಿದಳು, ಯಾರಿಗಾದರೂ ಕೇಳಿಸಿತೋ ಎಂಬಂತೆ.

ಅದು ಕಾಟಮ್ಮನ ಮನೆ. ಅಪ್ಪ ಅಮ್ಮ ಮಂದೆ ಬಿಟ್ಟು ಬರಲಾಗದ ದಿನಗಳಲ್ಲಿ ಯಶೋಧಾಳನ್ನು ನೋಡಿಕೊಂಡವಳು ಕಾಟಮ್ಮ. ಬೆಲ್ಟು ಬಿಗಿಯುವುದನ್ನು ಆಸ್ಪತ್ರೆಯಲ್ಲಿ ನೋಡಿ ಕಲಿತಿದ್ದಳು. ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ಹಿತ್ತಲಿಗೆ ಒಯ್ದು, ಕೂರಿಸಿ, ತೊಳೆದು, ತಂದು ಮಲಗಿಸುತ್ತಿದ್ದಳು. ವಾಂತಿ ಬಾಚಿದ್ದಳು. ಒಂದು ದಿನವೂ ಮುಖ ಸಿಂಡರಿಸಿರಲಿಲ್ಲ. "ನಿನ್ನ ಮದ್ವೇಲಿ ನನಗೊಂದು ಒಳ್ಳೆ ಸೀರೆ ಬರ್ಬೇಕು ನೋಡು, ಈ ಉಚ್ಚೆ ಲೆಕ್ಕ ಎಲ್ಲ ಸೇರ್ಸಿ," ಎಂದು ನಗಿಸುತ್ತಿದ್ದಳು.

"ನೀರು ಕೊಡಲಿಲ್ಲ ಅಂತ ಬರೆದವ್ನಲ್ಲ," ಎಂದಳು ಬೋರಕ್ಕ ಮೆಲ್ಲಗೆ, "ಕಾಟಮ್ಮ ಕೇಳಿದ್ರೆ ಏನಂತ ಹೇಳ್ತೀಯ? ಅವ್ಳು ಎತ್ತಿದ ಕೈಗೆ ಏನಂತ ಹೇಳ್ತೀಯ?"

ಯಶೋಧಾ ಹಾಳೆ ಮಡಚಿದಳು.

"ನಿಮ್ಮಪ್ಪ ಇಷ್ಟು ವರ್ಷ ಎಷ್ಟು ಜನರ ಗದ್ದೆ ಮೆಟ್ಟವ್ನೆ. ಯಾರ ಗದ್ದೆ ಬದೀಗಾದ್ರೂ ನಿಂತ್ಕಂಡು ನಾವು ಪಾಪದೋರು ಅಂತ ಅಂದವ್ನಾ? ಇಷ್ಟು ಕುರಿ ಅವೆ, ಎರಡಕ್ಕೆ ಕಾಲು ಕುಂಟು, ಇಷ್ಟು ರಾತ್ರಿ ನಿಲ್ಲಿಸ್ತೀನಿ. ಬೇಕಾದ್ರೆ ಹೇಳ್ರಿ, ಬ್ಯಾಡಾದ್ರೆ ಮುಂದಿನ ಗದ್ದೆಗೆ ಹೋಗಾಣ. ಅಷ್ಟೇಯ ಅವನ ಮಾತು." ಪೊರಕೆ ಮತ್ತೆ ಎತ್ತಿಕೊಂಡಳು. "ಪಾಪ ಅಂತ ಕೊಟ್ಟ ಸೀಟಿಗೆ ನಿನ್ನ ಕಳ್ಸಾಕಿಲ್ಲ ಕಣೆ. ನಾಳೆ ಅವ್ರು ಉಣ್ಣಕ್ಕಿಕ್ಕುವಾಗ್ಲೂ ಹಂಗೇ ನೋಡ್ತಾರೆ."

ಆ ರಾತ್ರಿಯ ಊಟ ಯಶೋಧಾಳಿಗೆ ಸೇರಲಿಲ್ಲ. ಹೇಸಿಗೆ ಪ್ರಭು ಸಾರ್ ಮೇಲಷ್ಟೇ ಅಲ್ಲ. ಅವರ ಒದ್ದೆ ದನಿ ಓದುವಾಗ, ಒಂದೇ ಒಂದು ಗಳಿಗೆ, ತನ್ನ ಕಣ್ಣೂ ತುಂಬಿತ್ತಲ್ಲ. ಆ ಸುಳ್ಳು ಹುಡುಗಿಗಾಗಿ ತಾನೂ ಮರುಗಿದ್ದೆನಲ್ಲ. ಅದನ್ನು ನೆನೆದರೆ ಮೈಮೇಲೆ ಏನೋ ಅಂಟಿದ ಹಾಗಾಗುತ್ತಿತ್ತು.

ಬೆಳಿಗ್ಗೆ ಎದ್ದವಳೇ ಹೊಸ ಪ್ರಬಂಧ ಬರೆದಳು. ಕಾಯಿಲೆ ಇಲ್ಲ, ಮಂದೆ ಇಲ್ಲ, ಹಟ್ಟಿ ಇಲ್ಲ, ಅಪ್ಪ ಅಮ್ಮ ಇಲ್ಲ.

*

ದುರ್ಗಾ ಮೇಡಂ ಅವಳ ಕಾಲೇಜಿನ ಅತಿಥಿ ಉಪನ್ಯಾಸಕಿ. ದಿನಾ ಹೊಸದುರ್ಗದಿಂದ ಬಸ್ಸಿನಲ್ಲಿ ಬಂದು ಕನ್ನಡ ಪಾಠ ಮಾಡಿ ಹೋಗುತ್ತಿದ್ದರು. ಮಾತು ಕಮ್ಮಿ, ಕೆಂಪು ಇಂಕು ಜಾಸ್ತಿ ಎಂದು ಹುಡುಗರು ಹೇಳುತ್ತಿದ್ದರು. ಯಶೋಧಾ ಹೊಸ ಹಾಳೆಯನ್ನು ಅವರ ಮುಂದೆ ಇಟ್ಟಳು. ಅವರು ಡಬ್ಬಿಯ ಅನ್ನ ಪಕ್ಕಕ್ಕೆ ಸರಿಸಿ, ಕೈ ತೊಳೆದು ಬಂದು ಓದಿದರು. ಅದೊಂದೇ ಯಶೋಧಾಳಿಗೆ ಅರ್ಧ ಸಮಾಧಾನ ತಂದಿತು.

"'ನಾನು ಸಮಾಜಸೇವೆಯಲ್ಲಿ ಅಪಾರ ಆಸಕ್ತಿ ಹೊಂದಿದ್ದು, ನಾಯಕತ್ವದ ಗುಣಗಳನ್ನು ಮೈಗೂಡಿಸಿಕೊಂಡಿದ್ದೇನೆ.'" ಮೇಡಂ ತಲೆ ಎತ್ತಿದರು. "ಇದು ಯಾರು?"

"ನಾನೇ ಮೇಡಂ."

"ಸುಳ್ಳು. ಬ್ಯಾಂಕಿನ ಮುಂದೆ ಹಚ್ಚಿರ್ತಾರಲ್ಲ ಜಾಹೀರಾತು, ಅದ್ರಲ್ಲಿ ನಗ್ತಾ ನಿಂತಿರೋ ಹುಡುಗಿ ಇದು. ನಿನಗೇನಾಗೈತೆ ಇವತ್ತು?"

ಯಶೋಧಾ ಪ್ರಭು ಸಾರ್ ತಿದ್ದಿದ ಮೂರು ಪುಟವನ್ನೂ ತೆಗೆದುಕೊಟ್ಟಳು. ಮೇಡಂ ಒಂದು ಪುಟ ಓದಿ, ಸತ್ತ ಜಿರಳೆಯನ್ನು ಮೀಸೆ ಹಿಡಿದು ಎತ್ತುವಂತೆ ಹಾಳೆಯ ತುದಿಯನ್ನು ಹಿಡಿದು ವಾಪಸಿಟ್ಟರು.

"ಸರಿ. ಇದಕ್ಕೆ ಹೇಸಿ ಅದನ್ನ ಬರೆದೆ ನೀನು. ಅಲ್ಲಿ ಬರೀ ಕಣ್ಣೀರು, ಇಲ್ಲಿ ಬರೀ ಪೌಡರು. ಎರಡರಲ್ಲೂ ಯಶೋಧಾ ಇಲ್ಲ."

"ಕಾಯಿಲೆ ವಿಷಯ ಬರೆದ್ರೆ ಪಾಪ ಅಂತಾರೆ ಮೇಡಂ."

"ಬರೀದಿದ್ರೆ ಏನಂತಾರೆ ಗೊತ್ತಾ? ಅಂಕಪಟ್ಟಿ ನೋಡ್ತಾರೆ. ಮೊದಲ ಪಿಯುಸಿ ಆದ್ಮೇಲೆ ಒಂದು ವರ್ಷ ಮಾಯ. ಫೇಲಾಗಿದ್ಲು ಅಂತ ಒಬ್ಬ, ಯಾರ ಜೊತೆಗೋ ಓಡಿಹೋಗಿದ್ಲು ಅಂತ ಇನ್ನೊಬ್ಬ. ನೀನು ಬಿಟ್ಟ ಖಾಲಿ ಜಾಗದಲ್ಲಿ ಅವ್ರೇ ಕಥೆ ಬರ್ಕಂತಾರೆ. ಅವ್ರು ಕೇಳಿರೋ ಸಂಗತಿ ಅದು. ಹೇಳೋದು ನಿನ್ನ ಕೆಲಸ."

"ಹೆಂಗೆ ಹೇಳದು?"

"ಆಸ್ಪತ್ರೇಲಿ ಡಾಕ್ಟರಿಗೆ ಹೆಂಗೆ ಹೇಳಿದ್ದೆ?"

"ಬೆನ್ನು ನೋವು, ಯಾವಾಗಿಂದ, ಜ್ವರ ಯಾವ ಹೊತ್ತಿಗೆ ಬರುತ್ತೆ ಅಂತ."

"ಹಂಗೇ. ಏನಾಯ್ತು, ಯಾವಾಗ ಆಯ್ತು, ಓದಿಗೆ ಅದರಿಂದ ಏನಾಯ್ತು, ಈಗ ಹೆಂಗಿದ್ದೀಯ. ಅಲ್ಲಿಗೆ ನಿಲ್ಸು. ಆಸ್ಪತ್ರೆ ಸರ್ಟಿಫಿಕೇಟು ಬೇರೆ ಲಗತ್ತಿಸು, ಅದರ ಮಾತನ್ನ ಅದು ಆಡುತ್ತೆ. ಆ ಕಷ್ಟ ಎಷ್ಟು ದೊಡ್ಡದು ಅಂತ ನೀನು ಅಳೆದು ತೋರ್ಸಕ್ಕೆ ಹೋಗ್ಬೇಡ. 'ಭಯಂಕರ', 'ಮಹಾಮಾರಿ' ಅಂತ ಒಂದು ಮಾತು ಬಂದ್ರೂ ಓದೋನ ಕೈ ಹಿಡ್ಕಂಡು ಅಳು ಅಂತ ಜಗ್ಗಿದಂಗೆ."

ಮೇಡಂ ಡಬ್ಬಿಯ ಮುಚ್ಚಳ ಹಾಕಿದರು.

"ಇನ್ನು ಊರು ಬಿಟ್ಟು ಹೋಗ್ತಿದ್ರಲ್ಲ, ಅದು ನಿನಗೆ ಕಷ್ಟವಾಗಿತ್ತಾ?"

ಯಶೋಧಾ ಯೋಚಿಸಿದಳು. "ಅದು ಕೆಲಸ ಮೇಡಂ. ಶಾಲೆ ತಪ್ತಿತ್ತು, ಅದು ಕಷ್ಟ. ಹೋಗೋದೇನೂ ಕಷ್ಟ ಅಲ್ಲ."

"ಶಾಲೆ ತಪ್ಪಿದ್ದು ಒಂದು ಸಾಲು. ಉಳಿದಿದ್ದು ಕೆಲಸ ಅಂತ ಬರಿ. ಅಷ್ಟು ವರ್ಷ ನಡೆದ್ರಲ್ಲ, ಏನು ಕಂಡೆ?"

ಆಗ ಯಶೋಧಾ ಮಾತಾಡತೊಡಗಿದಳು. ಹಿಂದೆಲ್ಲ ದಾರಿಯುದ್ದಕ್ಕೂ ಬೀಳು ಜಮೀನು ಇರುತ್ತಿತ್ತು, ಕುರಿ ಮೇಯುತ್ತಾ ಹೋಗುತ್ತಿದ್ದವು. ಈಗ ಬೋರ್‌ವೆಲ್ ಬಂದು ಅಡಿಕೆ ತೋಟಗಳಾಗಿವೆ, ಸುತ್ತ ಬೇಲಿ. ಮೂರು ದಿನದ ದಾರಿ ಆರು ದಿನವಾಗಿದೆ. ಗೋಮಾಳ ಎಲ್ಲಿ ಮುಗಿಯುತ್ತದೆ ಎಂದು ಕುರಿಗೂ ಗೊತ್ತಿಲ್ಲ, ಕಂದಾಯದವರಿಗೂ ಗೊತ್ತಿಲ್ಲ. ಭತ್ತ ಕೊಡುತ್ತಿದ್ದವರು ಈಗ ಕಾಸು ಕೊಡುತ್ತಾರೆ, ಆ ಕಾಸಿಗೆ ಅಷ್ಟು ಭತ್ತ ಬರುವುದಿಲ್ಲ. ಹಿಕ್ಕೆ ಗೊಬ್ಬರ ಬೇಕೆನ್ನುವವರು ಮಾತ್ರ ಹೆಚ್ಚಾಗಿದ್ದಾರೆ. ಹೀಗೆ ಏಕೆ?

"ಇದನ್ನ ಓದಕ್ಕೆ ತಾನೆ ನೀನು ಹೋಗ್ತಿರೋದು?" ಎಂದರು ಮೇಡಂ.

"ಹೂಂ."

"ಮತ್ತೆ ಮುಚ್ಚಿಟ್ಕಂಡು ಕುಂತಿದ್ದೀಯಲ್ಲೇ."

*

ಕಾಯಿಲೆಯ ಭಾಗವನ್ನು ಬರೆಯುವುದು ಎಲ್ಲಕ್ಕಿಂತ ಕಠಿಣವಾಯಿತು. ಒಂದು ಸಾಲು ಬರೆದರೆ ಇನ್ನೊಂದು ಸಾಲು ಅದರ ಸೆರಗು ಹಿಡಿದು ಅಳುತ್ತಾ ಬರುತ್ತಿತ್ತು. ಅದನ್ನು ಕಾಟು ಹಾಕಿದರೆ ಬೇರೊಂದು ಎದೆಯುಬ್ಬಿಸಿಕೊಂಡು ಬರುತ್ತಿತ್ತು: 'ಆದರೂ ನಾನು ಧೃತಿಗೆಡದೆ ಹೋರಾಡಿದೆ.' ಇದೂ ಸುಳ್ಳೇ. ಅವಳು ಹೋರಾಡಿರಲಿಲ್ಲ. ಮಲಗಿದ್ದಳು, ಹೆಂಚಿನ ಸಂದಿಯ ಬೆಳಕು ಗೋಡೆಯಿಂದ ಗೋಡೆಗೆ ಹೋಗುವುದನ್ನು ನೋಡುತ್ತಿದ್ದಳು, ಮಾತ್ರೆ ಬಂದಾಗ ನುಂಗುತ್ತಿದ್ದಳು. ಕಾಟಮ್ಮನ ಬಗ್ಗೆ ಎರಡು ಸಾಲು ಬರೆದು ಅದನ್ನೂ ತೆಗೆದಳು. ಗುರುತಿಲ್ಲದವರ ಮೇಜಿನ ಮೇಲೆ ಕಾಟಮ್ಮನನ್ನು ಒಯ್ದು ನಿಲ್ಲಿಸುವ ಅಗತ್ಯ ಅವಳಿಗೆ ಕಾಣಲಿಲ್ಲ.

ಕೊನೆಗೆ ಉಳಿದದ್ದು ಇಷ್ಟು:

'ಮೊದಲ ಪಿಯುಸಿಯ ಕೊನೆಯಲ್ಲಿ ನನಗೆ ಬೆನ್ನುಮೂಳೆಯ ಕ್ಷಯ ಬಂತು. ಒಂದೂವರೆ ವರ್ಷ ಮಾತ್ರೆ ತೆಗೆದುಕೊಂಡೆ, ಮೊದಲ ಕೆಲವು ತಿಂಗಳು ಏಳಲಾಗದ್ದರಿಂದ ಒಂದು ವರ್ಷ ಕಾಲೇಜು ತಪ್ಪಿತು. ಆ ವರ್ಷ ನಾನು ಏನನ್ನೂ ಸಾಧಿಸಲಿಲ್ಲ, ಮಾತ್ರೆ ತಪ್ಪಿಸಲಿಲ್ಲ ಅಷ್ಟೆ. ಈಗ ಗುಣವಾಗಿದ್ದೇನೆ, ಭಾರ ಎತ್ತುವುದೊಂದನ್ನು ಬಿಟ್ಟು ಎಲ್ಲ ಕೆಲಸ ಮಾಡುತ್ತೇನೆ.'

ಉಳಿದ ಪುಟವೆಲ್ಲ ಮಂದೆಯ ದಾರಿ, ಬೇಲಿ, ಗೋಮಾಳ ಮತ್ತು ಅವಳ ಪ್ರಶ್ನೆ. ದುರ್ಗಾ ಮೇಡಂ ಓದಿ ಎರಡು ಕಡೆ ಅಲ್ಪವಿರಾಮ ಹಾಕಿದರು. ಬೇರೇನೂ ಹೇಳಲಿಲ್ಲ.

ಕೇಂದ್ರಕ್ಕೆ ಹೋಗಿ ಅವಳೇ ಕಂಪ್ಯೂಟರಿನಲ್ಲಿ ಟೈಪು ಮಾಡಿ ಉಳಿಸಿದಳು. ಪ್ರಭು ಸಾರ್ ಊರಲ್ಲಿರಲಿಲ್ಲ. ಫೋನಿನಲ್ಲಿ ಪಾಸ್‌ವರ್ಡ್ ಹೇಳಿ, ಕಡೆಗೊಮ್ಮೆ ನೋಡಿ ತಾವೇ ಕಳಿಸುವುದಾಗಿ ಅಂದರು.

ಅರ್ಜಿಯ ಕೊನೆಯ ದಿನ ಅವಳು ಏನೋ ಸಂಕಟವಾಗಿ ಮತ್ತೆ ಹೋದಳು. ಕೋಣೆಯಲ್ಲಿ ಏಳೆಂಟು ಜನ ಕಾದು ಕೂತಿದ್ದರು. ಹೊಳಲ್ಕೆರೆಯ ಅಂಜನ್ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟು ಕಿವಿಯಲ್ಲಿ ಹೇಳಿದ: "ನಮ್ಮಪ್ಪನ್ನ ಸಾಯಿಸೇ ಬಿಟ್ಟವ್ರೆ ಕಣೆ. ಅವ್ನು ಅಲ್ಲಿ ಆರಾಮಾಗಿ ಟಿವಿ ನೋಡ್ತಾ ಕುಂತವ್ನೆ. ನಾನೀಗ ತಂದೆಯ ನೆರಳಿಲ್ಲದ ಸಸಿಯಂತೆ."

"ಬ್ಯಾಡ ಅನ್ನಲಿಲ್ವಾ ನೀನು?"

"ಸೀಟು ಸಿಗ್ಲಿ ಬಿಡು, ಆಮೇಲೆ ಬದುಕಿಸ್ಕಂಡ್ರಾಯ್ತು." ಅವನು ನಕ್ಕ. ಯಶೋಧಾಳಿಗೆ ನಗು ಬರಲಿಲ್ಲ. ಅವನಿಗೂ ಬೇಗ ನಿಂತುಹೋಯಿತು.

ಪ್ರಭು ಸಾರ್ ಅವಳ ಹೆಸರಿನ ಅರ್ಜಿ ತೆರೆದರು. ಪರದೆಯ ಮೇಲೆ ಮೊದಲ ಸಾಲು ಕಂಡಿತು: 'ಕಡುಬಡತನದ ಕುಟುಂಬದಲ್ಲಿ ಜನಿಸಿದ ನಾನು'.

"ಇದು ನಾನು ಹಾಕಿದ್ದಲ್ಲ ಸಾರ್."

"ಹೂಂ, ನಾನೇ ಬದಲಾಯಿಸ್ದೆ. ನಿಂದು ಓದ್ದೆ ಕಣಮ್ಮ. ಅದ್ರಲ್ಲೇನೈತೆ? ಬರೀ ಕುರಿ, ಬೇಲಿ. ಟಿಬಿಗೆ ನಾಲ್ಕು ಸಾಲು. ಅಷ್ಟು ದೊಡ್ಡ ಕಾಯಿಲೆ ಇಟ್ಕಂಡು ಯಾರಾದ್ರೂ ಹಿಂಗೆ ಹಾಳು ಮಾಡ್ತಾರಾ?"

ಕಾಯಿಲೆ ಇಟ್ಟುಕೊಂಡು. ಯಾರೋ ಅದನ್ನು ಅವಳಿಗೆ ಬಂಡವಾಳವಾಗಿ ಕೊಟ್ಟಿದ್ದರೆಂಬಂತೆ. ಅವಳು ಎದ್ದು ಹೋಗಿ ಮೇಜಿನ ಪಕ್ಕ ನಿಂತಳು.

"ಸ್ವಲ್ಪ ಸರೀರಿ ಸಾರ್."

"ಏನು?"

"ಕುರ್ಚಿ ಬಿಡ್ರಿ. ನಾನು ಮತ್ತೆ ಟೈಪ್ ಮಾಡ್ತೀನಿ."

ಕೆಳಗಿನ ಅಂಗಡಿಯಲ್ಲಿ ಯಾರೋ ಟೈರಿನ ಗಾಳಿ ಬಿಡುತ್ತಿದ್ದ ಸದ್ದು. ಪ್ರಭು ಸಾರ್ ಅವಳನ್ನು ನೋಡಿದರು. ಸಿಟ್ಟಿಗಿಂತ ಹೆಚ್ಚಾಗಿ ಅವರ ಮುಖದಲ್ಲಿ ಒಂದು ಗಾಬರಿ ಇತ್ತು.

"ನಾನು ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ. ನನಗೆ ಸೀಟು ಸಿಕ್ಕಿದ್ದೇ ಹಿಂಗೆ. ಕನಿಕರ ಇಲ್ದೆ ನಮ್ಮಂಥೋರಿಗೆ ಯಾರು ಬಾಗ್ಲು ತೆಗೀತಾರೆ? ನನ್ನ ಕಾಲು ನೋಡಿ ತಾನೆ ಅವತ್ತು ಕೊಟ್ಟಿದ್ದು?"

"ಈಗ್ಲೂ ಅದನ್ನೇ ನೋಡ್ತಾರಲ್ಲ ಸಾರ್," ಎಂದಳು ಯಶೋಧಾ.

ಅವರು ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಹೊರಗೆ ನೋಡುತ್ತಲೇ, "ಸೀಟು ಸಿಗದಿದ್ರೆ ಕೇಂದ್ರದ ಹೆಸರು ಹೇಳ್ಬೇಡ," ಎಂದರು.

ಯಶೋಧಾ ಮೂರು ಪುಟವನ್ನೂ ಅಳಿಸಿದಳು. ಅನಾಥರಂತೆ ಮಲಗಿದವರು ಹೋದರು, ಮರುಗಿದ ನಾಯಿಗಳು ಹೋದವು, ಎದೆ ಬಡಿದುಕೊಂಡ ತಾಯಿ ಹೋದಳು. ಮತ್ತೆ ತನ್ನದನ್ನು ಒಂದೊಂದೇ ಅಕ್ಷರ ಒತ್ತಿ ಟೈಪು ಮಾಡಿದಳು. ಬೆನ್ನು ನೋಯಲು ಶುರುವಾದಾಗ ಸ್ವಲ್ಪ ನೆಟ್ಟಗೆ ಕೂತಳು. ಎರಡು ಸಲ ಓದಿ ಕಳಿಸುವ ಗುಂಡಿ ಒತ್ತಿದಳು. ಇನ್ನು ಅದನ್ನು ಬದಲಾಯಿಸಲು ಅವಳಿಗೂ ಆಗುತ್ತಿರಲಿಲ್ಲ, ಅವರಿಗೂ.

*

ಸಂದರ್ಶನಕ್ಕೆ ಕರೆ ಬಂತು. ಬೆಂಗಳೂರಿನ ಆ ಕೋಣೆಯಲ್ಲಿ ಮೂವರು ಕೂತಿದ್ದರು. ತುದಿಯಲ್ಲಿದ್ದ ಮೇಡಂ ಮೊದಲು ಮಾತಾಡಿದರು. ಅವರ ತಲೆ ಒಂದು ಕಡೆಗೆ ವಾಲಿತ್ತು, ದನಿ ಮೆತ್ತಗಿತ್ತು. ಯಶೋಧಾಳಿಗೆ ಆ ವಾಲಿದ ತಲೆ ಚೆನ್ನಾಗಿ ಗೊತ್ತಿತ್ತು.

"ಅಷ್ಟು ಚಿಕ್ಕ ವಯಸ್ಸಿನಲ್ಲಿ ಎಷ್ಟು ನೋವು ತಿಂದಿದ್ದೀಯಮ್ಮ. ಆ ದಿನಗಳ ಬಗ್ಗೆ ಸ್ವಲ್ಪ ಹೇಳ್ತೀಯಾ?"

ಇಲ್ಲಿಯೂ ಅದೇ ಕನಿಕರ, ಎಂದುಕೊಂಡಳು. ಬೇಕೆಂದರೆ ಇಲ್ಲಿ ಎಲ್ಲ ಸಲೀಸು. ಗಂಟಲನ್ನು ಒಂದಿಷ್ಟು ಬಿಗಿಹಿಡಿದರೆ ಸಾಕು, ಆ ಮೇಡಂ ಕರ್ಚೀಫು ತೆಗೆಯುತ್ತಾರೆ.

"ಮಾತ್ರೆಯಿಂದ ವಾಕರಿಕೆ ಬರ್ತಿತ್ತು ಮೇಡಂ. ನೋವಿತ್ತು. ಬರೆದಿರೋದಕ್ಕಿಂತ ಹೆಚ್ಚಿಗೆ ಹೇಳೋದೇನಿಲ್ಲ. ಓದಿಗೆ ಸಂಬಂಧಪಟ್ಟಿದ್ದು ಏನಾದ್ರೂ ಇದ್ರೆ ಕೇಳ್ರಿ, ಹೇಳ್ತೀನಿ."

ಮೇಡಂ ತಲೆ ನೆಟ್ಟಗಾಯಿತು. ಸ್ವಲ್ಪ ಪೆಚ್ಚಾದರು. ನಡುವೆ ಕೂತಿದ್ದ ವಯಸ್ಸಾದವರು ಅವಳ ಪ್ರಬಂಧದ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಡಿಕೆ ತೋಟದ ಬೇಲಿಯಿಂದ ದಾರಿ ಮುಚ್ಚಿಹೋಗಿದೆ ಅಂತ ಬರೆದಿದ್ದೀಯ. ನನಗೆ ಒಪ್ಪಿಗೆ ಇಲ್ಲ."

"ಯಾಕೆ ಸಾರ್?"

"ಗೋಮಾಳ ಒತ್ತುವರಿ ಬೋರ್‌ವೆಲ್‌ಗಿಂತ ಬಹಳ ಮೊದಲೇ ಶುರುವಾಗಿದೆ. ನೀನು ಕಣ್ಣಿಗೆ ಕಾಣೋ ಬೇಲೀನ ಹಿಡ್ಕೊಂಡಿದ್ದೀಯ. ಕಾರಣ ಅದಲ್ಲ, ಅದು ಕೊನೆಯ ಫಲ."

"ಒತ್ತುವರಿ ಆದ ಜಮೀನೂ ಮಳೆ ನೆಚ್ಚಿದ ಹೊಲವೇ ಆಗಿತ್ತಲ್ಲ ಸಾರ್. ಕಟಾವಾದ ಮೇಲೆ ಕುರಿ ಬಿಡ್ತಿದ್ರು. ತೋಟ ಆದ್ಮೇಲೇ ಬಿಡದಂಗಾಗಿದ್ದು."

"ಎಲ್ಲ ಕಡೆ ಹಾಗೇನಾ? ಬರೀ ನಿಮ್ಮ ದಾರೀಲೋ?"

ಹಿರಿಯೂರು ಕಡೆಯ ಮಂದೆಗಳು ಹೋಗುವ ದಾರಿ ಅವಳಿಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲ ಸಾರ್. ನಾವು ನಡೆದ ದಾರಿ ಮಾತ್ರ ಗೊತ್ತು."

"ಹಾಗಾದ್ರೆ 'ಜಿಲ್ಲೆಯಾದ್ಯಂತ' ಅಂತ ಹೇಗೆ ಬರೆದೆ?"

"ತಪ್ಪಾಯ್ತು. ಆದ್ರೆ ಬೇಲಿ ವಿಷಯ ನಾನು ಬಿಡಲ್ಲ ಸಾರ್."

ಅವರು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಅವರ ದನಿ ಏರಿತು, ಅವಳ ದನಿಯೂ ಏರಿತು. ಮೊದಲ ಮೇಡಂ ಕೂಡ ನಡುವೆ ಬಂದು ಭತ್ತದ ಬದಲು ಕಾಸು ಕೊಡುವುದರ ಬಗ್ಗೆ ಒಂದು ಚುರುಕಾದ ಪ್ರಶ್ನೆ ಕೇಳಿದರು. ಅದಕ್ಕೆ ಉತ್ತರ ಹುಡುಕುವಾಗ, ತನ್ನ ಬೆನ್ನನ್ನು ಯಾರೂ ನೋಡುತ್ತಿಲ್ಲವೆಂಬುದು ಯಶೋಧಾಳಿಗೆ ಅರಿವಾಯಿತು. ಎಷ್ಟೋ ವರ್ಷಗಳ ಮೇಲೆ ಯಾರೋ ಅವಳನ್ನು ತಪ್ಪು ಎನ್ನುತ್ತಿದ್ದರು, ಮುಲಾಜಿಲ್ಲದೆ, ಮುಖಕ್ಕೇ. ಅವಳ ಮೈ ಹಗುರಾಯಿತು.

ಆಯ್ಕೆಯಾದ ಸುದ್ದಿ ಬಂದದ್ದು ಮೊಬೈಲಿಗೆ. ಫೀಸು, ಊಟ, ವಸತಿ ಎಲ್ಲ ಸೇರಿ. ಅವಳು ಅಮ್ಮನಿಗೆ ಹೇಳುವ ಮೊದಲೇ ಪ್ರಭು ಸಾರ್ ಅವರ ಫೋನು ಬಂತು. ಕೇಂದ್ರಕ್ಕೆ ಹೆಮ್ಮೆ ಎಂದರು. ಅಂಜನ್‌ಗೆ ಆಗಲಿಲ್ಲವಂತೆ. ಸಂದರ್ಶನದಲ್ಲಿ ತಂದೆಯ ಬಗ್ಗೆ ಕೇಳಿದಾಗ ತಬ್ಬಿಬ್ಬಾದನಂತೆ.

"ದಾನಿಗಳಿಗೆ ತೋರ್ಸಕ್ಕೆ ಒಂದು ಫೋಟೊ ಬೇಕಮ್ಮ. ಬೆಲ್ಟು ಹಾಕ್ಕಂಡು ಮಲಗಿರೋ ಅಂಥದ್ದು ಯಾವುದಾದ್ರೂ ಇದ್ರೆ ಕಳ್ಸು."

"ಇಲ್ಲ ಸಾರ್," ಎಂದಳು.

"ಮೊಬೈಲಲ್ಲಿ ಯಾರೂ ತೆಗೆದಿರಲಿಲ್ವಾ?"

"ನನ್ನ ಫೋಟೊ ಹಾಕ್ಬೇಡ್ರಿ ಸಾರ್, ಯಾವುದನ್ನೂ. ಹಾಕಿದ್ರೆ ನಾನೇ ಬಂದು ತೆಗೆಸ್ತೀನಿ."

ಫೋನಿಟ್ಟು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು, ಏನೋ ತಾಗಿದಂತೆ. ರೊಪ್ಪದಲ್ಲಿ ಬೋರಕ್ಕ ತಾಯಿ ಸೇರಿಸದ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಯಶೋಧಾ ಹೋಗಿ ಹೇಳಿದಳು. ಬೋರಕ್ಕ ಹಾಲು ಕುಡಿಸುವುದನ್ನು ನಿಲ್ಲಿಸಲಿಲ್ಲ. ಮರಿ ಬಾಲ ಅಲ್ಲಾಡಿಸುತ್ತಾ ಬಾಟಲಿಯನ್ನು ಗುದ್ದುತ್ತಿತ್ತು.

"ಪಾಪ ಅಂತ ಕೊಟ್ರಾ?"

"ಇಲ್ಲಮ್ಮ. ಜಗಳ ಆಡಿ ಕೊಟ್ರು."

"ಯಾತಕ್ಕೆ ಜಗಳ?"

"ಗೋಮಾಳಕ್ಕೆ. ನಾನು ಹೇಳಿದ್ದು ತಪ್ಪು ಅಂದ್ರು. ಒಂದು ಮಾತು ತಪ್ಪೇ ಆಗಿತ್ತು, ಒಪ್ಕಂಡೆ. ಇನ್ನೊಂದು ಒಪ್ಪಲಿಲ್ಲ."

ಬೋರಕ್ಕ ಖಾಲಿಯಾದ ಬಾಟಲಿಯನ್ನು ಮರಿಯ ಬಾಯಿಂದ ಕಿತ್ತುಕೊಂಡು, ಮಗಳ ಮುಖವನ್ನು ಒಂದು ಗಳಿಗೆ ನೋಡಿದಳು.

"ಹಂಗಾದ್ರೆ ಹೋಗು," ಎಂದಳು.